ವೀಗನ್, ಕ್ರೂಯೆಲ್ಟಿ-ಫ್ರೀ, ನ್ಯಾಚುರಲ್ ಅಂತ ಲೇಬಲ್ ಮೇಲೆ ಯಾವಾಗ ಹಾಕಬಹುದು?

ಪ್ರಶ್ನೆ: ಮನೆಯಲ್ಲೇ ಲಿಪ್ ಬಾಮ್, ಕ್ರೀಮ್ ಮಾಡಿ ಸಣ್ಣ ಬ್ರ್ಯಾಂಡ್ ಶುರು ಮಾಡ್ತಿದೀನಿ. ಲೇಬಲ್ ಮೇಲೆ ವೀಗನ್, ಕ್ರೂಯೆಲ್ಟಿ-ಫ್ರೀ, ನ್ಯಾಚುರಲ್ ಮೂರೂ ಹಾಕಬೇಕು ಅಂತಿದೆ. ಕಡಿಮೆ ಖರ್ಚಲ್ಲಿ ಯಾವ ಸರ್ಟಿಫಿಕೇಟ್ ಸಿಗುತ್ತೆ?

ಉತ್ತರ:

ನಾನೂ ಸರ್ಟಿಫಿಕೇಟ್‌ನಿಂದಲೇ ಶುರು ಮಾಡಿದ್ದೆ. ಅದು ದುಬಾರಿ ಅನ್ನಿಸಿತು. ಆಮೇಲೆ ಮಾಡೋಣ ಅಂತ ಬಿಟ್ಟು, ಆ ಮೂರು ಪದ ಮಾತ್ರ ಲೇಬಲ್ ಮೇಲೆ ಅಚ್ಚು ಹಾಕಿಸಿದೆ.

ನಾವು ಶಿರಸಿ ಕಡೆಯವರು. ಮನೆಯಲ್ಲಿ ಮುರುಗಲು ತುಪ್ಪ ಮೊದಲಿಂದಲೂ ಇರುತ್ತಿತ್ತು. ಚಳಿಗಾಲದಲ್ಲಿ ತುಟಿ ಒಡೆದರೆ ಅಮ್ಮ ಅದನ್ನೇ ಹಚ್ಚುತ್ತಿದ್ದರು. ಹೆಸರು ತುಪ್ಪ ಆದರೂ ಅದು ಹಣ್ಣಿನ ಬೀಜದ ಕೊಬ್ಬು, ಹಾಲಿಗೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೆ ಕೊಬ್ಬರಿ ಎಣ್ಣೆ ಸೇರಿಸಿದೆ. ಜೇನುಮೇಣದ ಬದಲು ಕ್ಯಾಂಡೆಲಿಲ್ಲಾ ಅನ್ನೋ ಗಿಡದ ಮೇಣ ಹಾಕಿದೆ. ಜೇನುಮೇಣ ತೆಗೆದೆ ಅಂದ ಮೇಲೆ ವೀಗನ್ ಆಯ್ತು ಅಂತ ನಂಬಿದ್ದೆ.

ಬಿಳಿ ಬಾಮ್ ಚೆನ್ನಾಗಿಯೇ ಹೋಯಿತು. ಆಮೇಲೆ ಎಲ್ಲರೂ ಸ್ವಲ್ಪ ಕೆಂಪು ಬಣ್ಣ ಇರೋದು ಕೇಳತೊಡಗಿದರು. ಬೀಟ್‌ರೂಟ್ ಪುಡಿ ಹಾಕಿ ನೋಡಿದೆ. ಅದರ ಬಣ್ಣ ನೀರಿಗೆ ಬಿಡುತ್ತದೆಯೇ ಹೊರತು ಎಣ್ಣೆಗೆ ಬಿಡುವುದಿಲ್ಲ. ತಳದಲ್ಲಿ ಮರಳಿನ ಥರ ಕೂತಿತು. ಆಗ ಬೆಂಗಳೂರಿನ ಒಬ್ಬ ವ್ಯಾಪಾರಿಯಿಂದ ‘ನ್ಯಾಚುರಲ್ ರೆಡ್’ ತರಿಸಿದೆ. ತರಿಸುವ ಮುಂಚೆ ಫೋನ್ ಮಾಡಿ ಕೇಳಿದ್ದೆ: ‘ಸರ್, ಇದು ಪೂರ್ತಿ ನ್ಯಾಚುರಲ್ಲಾ?’ ‘ಹೌದು ಮೇಡಂ, ನೂರಕ್ಕೆ ನೂರು’ ಅಂದರು.

ಅವರು ಹೇಳಿದ್ದು ನಿಜ. ನನ್ನ ತಪ್ಪು ಇದ್ದಿದ್ದು ನಾನು ಕೇಳಿದ ಪ್ರಶ್ನೆಯಲ್ಲಿ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದ್ರೆ ನೀವೂ ಇಲ್ಲೇ ಎಡವುತ್ತೀರಿ ಅನ್ನಿಸುತ್ತಿದೆ.

ಆ ಪೊಟ್ಟಣದ ಮೇಲೆ ಸಿಐ 75470 ಅಂತ ಒಂದು ನಂಬರ್ ಇತ್ತು. ಅದು ಬಣ್ಣದ ಗುರುತಿನ ಸಂಖ್ಯೆ. 75ರಿಂದ ಶುರುವಾಗುವ ಐದಂಕಿಯವು ಗಿಡದಿಂದಲೋ ಪ್ರಾಣಿಯಿಂದಲೋ ಬಂದ ಬಣ್ಣಗಳು. ಅರಿಶಿನದ್ದು 75300. ಅದೇ ಸಾಲಿನ 75470 ಅಂದರೆ ಕಾರ್ಮೈನ್. ನಮ್ಮ ಹಳೆಯ ಮಾತಲ್ಲಿ ಕಿರಮಂಜಿ. ಪಾಪಾಸುಕಳ್ಳಿ ಮೇಲೆ ಕೂರುವ ಸಣ್ಣ ಹುಳಗಳನ್ನು ಕೊಂದು, ಒಣಗಿಸಿ ತೆಗೆಯುವ ಬಣ್ಣ ಅದು. ಒಂದು ಕಿಲೋ ಒಣ ಹುಳಕ್ಕೆ ಲಕ್ಷಕ್ಕಿಂತ ಜಾಸ್ತಿ ಹುಳ ಬೇಕು. ಆ ನಂಬರನ್ನು ನಾನು ನೋಡಿದ್ದೆ. ನೋಡಿದ್ದಷ್ಟೇ ಅಲ್ಲ, ಸಾಮಗ್ರಿಗಳ ಪಟ್ಟಿಯಲ್ಲಿ ನಾನೇ ಟೈಪ್ ಮಾಡಿದ್ದೆ. ಟ್ಯೂಬಿನ ಮುಂದೆ ವೀಗನ್, ಹಿಂದೆ ಸಿಐ 75470. ಆ ನಂಬರ್ ಏನು ಅಂತ ಹುಡುಕಿ ನೋಡಲು ಎರಡು ನಿಮಿಷ ಸಾಕಿತ್ತು. ನ್ಯಾಚುರಲ್ ಅಂದರೆ ಗಿಡದ್ದು ಅಂತ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದರಿಂದ ಹುಡುಕಲೇ ಇಲ್ಲ.

ಮೂರು ತಿಂಗಳಾದ ಮೇಲೆ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದರು. ಜೈನರು. ‘ಅಕ್ಕಾ, ಇದರಾಗ ಹುಳ ಐತಂತ ನಮ್ಮ ತಮ್ಮ ಹೇಳಾಕತ್ತಾನ, ಹೌದೇನ್ರಿ?’ ಅಂತ ಕೇಳಿದರು. ಅವರು ಬೈಯಲಿಲ್ಲ. ‘ವೀಗನ್ ಅಂತ ಬರ್ದಿತ್ತಲ್ರಿ, ಅದಕ್ಕ ತಗೊಂಡಿದ್ದೆ’ ಅಂದರು ಅಷ್ಟೆ. ತುಟಿಗೆ ಹಚ್ಚಿದ್ದು ಬಾಯಿಗೆ ಹೋಗದೇ ಇರುತ್ತಾ? ಹುಟ್ಟಿದಾಗಿನಿಂದ ಅವರು ಪಾಲಿಸಿಕೊಂಡು ಬಂದಿದ್ದನ್ನು ಅವರಿಗೆ ತಿಳಿಯದ ಹಾಗೆ ನಾನು ಮುರಿಸಿದ್ದೆ. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಹಿಂಡುತ್ತದೆ. ಕೆಂಪು ಬಾಮ್ ಕೊಂಡ ಎಲ್ಲರಿಗೂ ಬರೆದು ತಿಳಿಸಿ ದುಡ್ಡು ವಾಪಸ್ ಕೊಟ್ಟೆ. ಉಳಿದ ಟ್ಯೂಬುಗಳನ್ನು ಮಾರಲಿಲ್ಲ. ಆ ವರ್ಷ ಮಾಡಿಕೊಂಡಿದ್ದ ಲಾಭವೆಲ್ಲ ಅದಕ್ಕೇ ಹೋಯಿತು.

ಆಮೇಲೆ ಕಾರ್ಮೈನ್ ಬಿಟ್ಟು ಕೆಂಪು ಐರನ್ ಆಕ್ಸೈಡ್ ಹಿಡಿದೆ, ಸಿಐ 77491. ಹರಳೆಣ್ಣೆಯಲ್ಲಿ ನುಣ್ಣಗೆ ಅರೆದು ಹಾಕಿದರೆ ಸರಿಯಾಗಿ ಹರಡುತ್ತದೆ. ಇದು ಹುಳದ್ದಲ್ಲ. ಆದರೆ ಮೇಕಪ್‌ಗೆ ಬಳಸುವ ಐರನ್ ಆಕ್ಸೈಡನ್ನು ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ನೆಲದಿಂದ ಅಗೆದಿದ್ದರಲ್ಲಿ ಸೀಸ, ಆರ್ಸೆನಿಕ್ ಥರದ್ದು ಸೇರಿರಬಹುದು, ಅದಕ್ಕೆ. ಹಾಗಾಗಿ ಬಾಮ್ ವೀಗನ್ ಆದ ದಿನವೇ ‘ನ್ಯಾಚುರಲ್’ ಪದ ಹೊಡೆದು ಹಾಕಬೇಕಾಯಿತು. ಮೂರೂ ಪದ ಒಟ್ಟಿಗೆ ಬೇಕು ಅಂತೀರಲ್ಲ, ಅದನ್ನೇ ನಾನು ಒಪ್ಪಲ್ಲ. ಒಂದೊಂದು ಪದವೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ವೀಗನ್ ಅಂದರೆ ಯಾವ ಸಾಮಗ್ರಿಯೂ ಪ್ರಾಣಿಯಿಂದ ಬಂದಿಲ್ಲ ಅಂತ. ಜೇನುಮೇಣ, ಕುರಿ ಉಣ್ಣೆಯಿಂದ ಬರುವ ಲ್ಯಾನೋಲಿನ್, ಹಾಲು ಕಣ್ಣಿಗೆ ಕಾಣುತ್ತವೆ. ಕಾಣದೇ ಇರುವುದು ಗ್ಲಿಸರಿನ್ ಮತ್ತು ಸ್ಟಿಯರಿಕ್ ಆಸಿಡ್. ಇವೆರಡೂ ತಾಳೆ ಎಣ್ಣೆಯಿಂದಲೂ ಬರುತ್ತವೆ, ದನದ ಕೊಬ್ಬಿನಿಂದಲೂ ಬರುತ್ತವೆ. ಹೆಸರು ಒಂದೇ, ನೋಡಿದರೆ ಗೊತ್ತಾಗಲ್ಲ. ಬಾಯಿಮಾತಲ್ಲಿ ಕೇಳಬೇಡಿ. ‘ಇದರ ಮೂಲ ಗಿಡವೋ, ಪ್ರಾಣಿಯೋ, ಖನಿಜವೋ, ಕಾರ್ಖಾನೆಯದೋ? ತಯಾರಿಯಲ್ಲಿ ಪ್ರಾಣಿಮೂಲದ್ದು ಏನಾದರೂ ಬಳಸಿದ್ದೀರಾ?’ ಅಂತ ಮೇಲ್ ಮಾಡಿ, ಕಂಪನಿಯ ಲೆಟರ್‌ಹೆಡ್ ಮೇಲೆ ಸಹಿ ಹಾಕಿಸಿಕೊಂಡು ತರಿಸಿ. ನನ್ನ ಕ್ರೀಮಿಗೆ ಸ್ಟಿಯರಿಕ್ ಆಸಿಡ್ ಕೊಡುತ್ತಿದ್ದವರು ‘ವೆಜ್ಜೇ ಮೇಡಂ’ ಅಂತ ನಾಲ್ಕು ಸಲ ಹೇಳಿದರು, ಬರೆದು ಮಾತ್ರ ಕೊಡಲಿಲ್ಲ. ಅವರನ್ನು ಬಿಟ್ಟೆ. ವ್ಯಾಪಾರಿ ಬದಲಾದರೆ ಪತ್ರವೂ ಹೊಸದಾಗಿ ಬೇಕು. ಈ ಪತ್ರಗಳ ಫೈಲ್ ತುಂಬಿದ ದಿನ ನೀವು ವೀಗನ್ ಅಂತ ಬರೆಯಬಹುದು, ಸರ್ಟಿಫಿಕೇಟ್ ಇಲ್ಲದಿದ್ದರೂ. ಅಂಗಡಿಯಲ್ಲಿ ಕಾಣುವ ಹಸಿರು ‘ವಿ’ ಗುರುತನ್ನು ಮಾತ್ರ ಹಾಕಬೇಡಿ. ಅದು 2022ರ ನಿಯಮದಲ್ಲಿ ಬಂದಿದ್ದು, ತಿನ್ನುವ ಪದಾರ್ಥಕ್ಕೆ ಮಾತ್ರ.

ಕ್ರೂಯೆಲ್ಟಿ-ಫ್ರೀ ಅಂದರೆ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲ ಅಂತ. ಒಳಗೆ ಏನಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಜೇನುಮೇಣದ ಬಾಮ್ ಕೂಡ ಕ್ರೂಯೆಲ್ಟಿ-ಫ್ರೀ ಆಗಬಹುದು. ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದನ್ನು 2014ರಲ್ಲೇ ನಿಷೇಧಿಸಿದ್ದಾರೆ. ಹಾಗಿರುವಾಗ ‘ನಾವು ಪರೀಕ್ಷೆ ಮಾಡಲ್ಲ’ ಅನ್ನೋದು ಕಾನೂನು ಪಾಲಿಸ್ತೀವಿ ಅಂದಷ್ಟೇ, ದೊಡ್ಡ ವಿಷಯ ಏನಲ್ಲ. ಆ ಪದಕ್ಕೆ ತೂಕ ಬರೋದು ನಿಮಗೆ ಸಾಮಗ್ರಿ ಕೊಡುವವರು, ಅದನ್ನು ತಯಾರಿಸುವವರು ಕೂಡ ಇಂಥ ತಾರೀಖಿನಿಂದ ಮಾಡಿಲ್ಲ, ಮಾಡಿಸಿಲ್ಲ ಅಂತ ಬರೆದುಕೊಟ್ಟರೆ. ನನಗೆ ಎಲ್ಲರಿಂದಲೂ ಅದು ಸಿಗಲಿಲ್ಲ. ಹಾಗಾಗಿ ಆ ಪದ ನನ್ನ ಲೇಬಲ್ ಮೇಲೆ ಇಲ್ಲ. ಕ್ರೂಯೆಲ್ಟಿ-ಫ್ರೀ ಗುರುತಾಗಿ ಬಳಸುವ ಮೊಲದ ಚಿತ್ರವನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು ಹಾಕುವವರೂ ಇದ್ದಾರೆ. ಆ ಗುರುತುಗಳಿಗೆ ಮಾಲೀಕರಿದ್ದಾರೆ, ಅನುಮತಿ ಇಲ್ಲದೆ ಬಳಸುವಂತಿಲ್ಲ.

ನ್ಯಾಚುರಲ್ ಅನ್ನೋ ಪದವನ್ನು ಬಿಟ್ಟೇಬಿಡಿ. ಐಎಸ್‌ಒ 16128 ಅಂತ ಒಂದು ಲೆಕ್ಕದ ವಿಧಾನ ಇದೆ. ಅದು ಒಳಗೆ ನ್ಯಾಚುರಲ್ ಭಾಗ ಶೇಕಡಾ ಎಷ್ಟು ಅಂತ ಲೆಕ್ಕ ಹಾಕುವುದನ್ನು ಹೇಳಿಕೊಡುತ್ತದೆ, ಎಷ್ಟಿದ್ದರೆ ಆ ಪದ ಬರೆಯಬಹುದು ಅಂತ ಹೇಳಲ್ಲ. ನನ್ನ ಟ್ಯೂಬಿನ ಮುಂದೆ ಈಗ ‘ಮುರುಗಲು ತುಪ್ಪ 22%’ ಅಂತಿದೆ, ಕೆಳಗೆ ‘ಬಣ್ಣ: ಐರನ್ ಆಕ್ಸೈಡ್’ ಅಂತಿದೆ. ‘ನ್ಯಾಚುರಲ್ ಅಲ್ವಾ?’ ಅಂತ ಕೇಳುವವರು ಇದ್ದಾರೆ. ಬಣ್ಣ ಕಾರ್ಖಾನೆಯದು ಅಂತ ಹೇಳುತ್ತೇನೆ. ಹೆಚ್ಚಿನವರು ಆದರೂ ಕೊಳ್ಳುತ್ತಾರೆ.

ಇದು ಸುಮ್ನೆ ನನ್ನ ಮಡಿವಂತಿಕೆ ಅಂದುಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಸಣ್ಣವರು ಅಂತ ಅಲ್ಲಿ ವಿನಾಯಿತಿ ಇಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಮಾಡಿ ಮಾರಿದರೂ ಸೌಂದರ್ಯವರ್ಧಕ ತಯಾರಿಕೆಗೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಲೈಸೆನ್ಸ್ ಬೇಕು. ನಿಮ್ಮ ಪ್ರಶ್ನೆಯಲ್ಲಿ ಅದರ ಮಾತೇ ಇಲ್ಲ. ಸರ್ಟಿಫಿಕೇಟ್‌ಗೆ ಅಂತ ಇಟ್ಟ ದುಡ್ಡನ್ನು ಮೊದಲು ಅದಕ್ಕೆ ಹಾಕಿ. ಲೈಸೆನ್ಸ್ ಕೆಲಸ ನಡೆಯುವಷ್ಟರಲ್ಲಿ ಆ ಪತ್ರಗಳೂ ಒಂದೊಂದಾಗಿ ಬಂದಿರುತ್ತವೆ.