ಒಂದೇ ಬ್ಲ್ಯಾಂಕನ್ನು ಹತ್ತು ಸಲ ಓದಿದರೆ ಎಲ್‌ಒಡಿ ಸಿಗಲ್ಲ

ನೀರಿನಲ್ಲಿ ಕಬ್ಬಿಣ ಅಳೆಯಲು ಫಿನಾಂತ್ರೊಲಿನ್ ವಿಧಾನ ಬಳಸುತ್ತೇನೆ. ಕಬ್ಬಿಣ ಸೇರಿಸದ ಬ್ಲ್ಯಾಂಕನ್ನು ಕ್ಯೂವೆಟ್‌ಗೆ ಹಾಕಿ ಹತ್ತು ಸಲ ಓದಿದೆ. ಎಸ್‌ಡಿ 0.0003, ಪತ್ತೆ ಹಚ್ಚಬಹುದಾದ ಅತಿ ಕಡಿಮೆ ಪ್ರಮಾಣ, ಅಂದರೆ ಎಲ್‌ಒಡಿ, 0.005 ಮಿಗ್ರಾಂ/ಲೀ ಬಂತು. ಆದರೆ 0.02 ಮಿಗ್ರಾಂ/ಲೀ ಇರುವ ಸ್ಯಾಂಪಲ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣಲ್ಲ. ಯಂತ್ರ ಕೆಟ್ಟಿದೆಯಾ?

ಯಂತ್ರ ಸರಿಯಾಗಿದೆ. ನೀವು ಅಳೆದದ್ದೇ ಬೇರೆ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ, ಹಾಗಾಗಿ ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಿಮ್ಮ ಓದುಗಳು ಹೇಗಿದ್ದವು ಅಂತ ನಾನೇ ಊಹಿಸಬಲ್ಲೆ: ಒಂಬತ್ತು ಸಲ 0.005, ಒಂದು ಸಲ 0.006. ಅದರ ಎಸ್‌ಡಿ 0.0003. ಅಂದರೆ ಪರದೆಯ ಕೊನೆಯ ಅಂಕಿ ಒಮ್ಮೆ ಅಲುಗಿದೆ, ಅಷ್ಟೇ. ಈ ವಿಧಾನದಲ್ಲಿ 510 ನ್ಯಾನೊಮೀಟರ್‌ನಲ್ಲಿ, 1 ಸೆಂ.ಮೀ. ಕ್ಯೂವೆಟ್‌ಗೆ, ರೇಖೆಯ ಇಳಿಜಾರು ಮಿಗ್ರಾಂ/ಲೀಗೆ ಸುಮಾರು 0.20. ಹಾಗಾದರೆ 0.005 ಮಿಗ್ರಾಂ/ಲೀ ಕಬ್ಬಿಣ ಕೊಡುವ ಅಬ್ಸಾರ್ಬನ್ಸ್ 0.001. ಕೊನೆಯ ಅಂಕಿ ಒಂದು ಹೆಜ್ಜೆ ಸರಿದರೆ ಕಬ್ಬಿಣ ಸಿಕ್ಕಿತು ಅನ್ನುತ್ತೀರಾ?

ನಿಜವಾದ ಚದುರುವಿಕೆ ಕ್ಯೂವೆಟ್ ಒಳಗೆ ಹೋಗುವ ಮೊದಲೇ ಹುಟ್ಟುತ್ತದೆ. ಆಸಿಡ್‌ನಲ್ಲಿ ಒಂದಿಷ್ಟು ಕಬ್ಬಿಣ, ಫ್ಲಾಸ್ಕ್ ಗೋಡೆಯಲ್ಲಿ ಒಂದಿಷ್ಟು, ಪಿಪೆಟ್‌ನ ಏರುಪೇರು, ಕ್ಯೂವೆಟ್ ಇಟ್ಟ ರೀತಿ. ಆದ್ದರಿಂದ ಹತ್ತು ಬ್ಲ್ಯಾಂಕ್ ಅಂದರೆ ಹತ್ತು ಬೇರೆ ಫ್ಲಾಸ್ಕ್. ಪ್ರತಿಯೊಂದಕ್ಕೂ ಆಸಿಡ್, ಹೈಡ್ರಾಕ್ಸಿಲಮೀನ್, ಬಫರ್, ಫಿನಾಂತ್ರೊಲಿನ್ ಎಲ್ಲವನ್ನೂ ಸ್ಯಾಂಪಲ್‌ಗೆ ಹಾಕಿದಂತೆಯೇ ಹಾಕಿ. ಸ್ಯಾಂಪಲನ್ನು ಕುದಿಸುತ್ತೀರಾದರೆ ಬ್ಲ್ಯಾಂಕನ್ನೂ ಕುದಿಸಿ. ಒಂದೇ ದಿನ ಎಲ್ಲವನ್ನೂ ಮುಗಿಸಬೇಡಿ, ಎರಡು ಮೂರು ದಿನಕ್ಕೆ ಹಂಚಿ.

ಹಾಗೆ ಮಾಡಿದಾಗ ಓದುಗಳು ಹೀಗೆ ಬಂದವು ಅಂದುಕೊಳ್ಳಿ: 0.004, 0.007, 0.003, 0.006, 0.005, 0.008, 0.004, 0.006, 0.002, 0.005. ಸರಾಸರಿ ಮೊದಲಿನ 0.005 ಆಸುಪಾಸೇ. ಎಸ್‌ಡಿ ಮಾತ್ರ 0.0018, ಅಂದರೆ ಆರು ಪಟ್ಟು ಜಾಸ್ತಿ. ಅದರಿಂದ ಎಲ್‌ಒಡಿ, ಮತ್ತು ನಂಬಿ ಎಣಿಸಬಹುದಾದ ಅತಿ ಕಡಿಮೆ ಪ್ರಮಾಣವಾದ ಎಲ್‌ಒಕ್ಯೂ, ಹೀಗೆ ಬರುತ್ತವೆ:

```
LOD = 3.3 × 0.0018 / 0.20 ≈ 0.03 mg/L
LOQ = 10 × 0.0018 / 0.20 ≈ 0.09 mg/L
```

ಈಗ ನಿಮ್ಮ 0.02 ಯಾಕೆ ಕಣ್ಣಾಮುಚ್ಚಾಲೆ ಆಡುತ್ತದೆ ನೋಡಿ. ಅದರ ಸರಾಸರಿ ಓದು 0.009. ಏನೂ ಇಲ್ಲದ ಬ್ಲ್ಯಾಂಕೇ ಒಮ್ಮೊಮ್ಮೆ 0.008 ಮುಟ್ಟುತ್ತಿದೆ. ಬ್ಲ್ಯಾಂಕ್ ಸರಾಸರಿಗಿಂತ 1.645 ಎಸ್‌ಡಿ ಮೇಲೆ ಗೆರೆ ಎಳೆದರೆ ನೂರಕ್ಕೆ ಐದು ಬ್ಲ್ಯಾಂಕ್ ಮಾತ್ರ ಅದನ್ನು ದಾಟುತ್ತವೆ. ಆದರೆ ಸರಿಯಾಗಿ ಆ ಗೆರೆಯ ಮೇಲೇ ಕೂತ ಸ್ಯಾಂಪಲ್ ಅರ್ಧ ಸಲ ತಪ್ಪಿಸಿಕೊಳ್ಳುತ್ತದೆ. ಆ ತಪ್ಪನ್ನೂ ಐದಕ್ಕೆ ಇಳಿಸಲು ಇನ್ನೊಂದು 1.645 ಮೇಲೇರಬೇಕು. ಎರಡೂ ಸೇರಿದರೆ 3.29. ಸೂತ್ರದ 3.3 ಬಂದದ್ದು ಅಲ್ಲಿಂದ, ಆಕಾಶದಿಂದ ಅಲ್ಲ.

ಇಷ್ಟಾದರೂ ಇದು ಅಂದಾಜು ಮಾತ್ರ. ಸೂತ್ರದಿಂದ ಬಂದ ಸಂಖ್ಯೆಯನ್ನು ನೇರ ವರದಿಗೆ ಹಾಕುವವರನ್ನು ಕಂಡರೆ ನನಗೆ ಆಗಲ್ಲ. 0.09 ಮಿಗ್ರಾಂ/ಲೀ ಕಬ್ಬಿಣ ಸೇರಿಸಿದ ಏಳು ಸ್ಯಾಂಪಲ್‌ಗಳನ್ನು ಬೇರೆ ಬೇರೆಯಾಗಿ ತಯಾರಿಸಿ, ಅಳೆಯಿರಿ. ಉತ್ತರಗಳು 0.08ರಿಂದ 0.10ರ ನಡುವೆ ನಿಂತರೆ ಎಲ್‌ಒಕ್ಯೂ ನಂಬಬಹುದು. 0.05ರಿಂದ 0.14ರವರೆಗೆ ಓಡಾಡಿದರೆ ಆ ಮಟ್ಟದಲ್ಲಿ ನಿಮಗೆ ಎಣಿಸಲು ಬರುವುದಿಲ್ಲ, ಮಿತಿಯನ್ನು ಮೇಲೇರಿಸಿ. ಸೇರಿಸುವುದು ಶುದ್ಧ ನೀರಿಗಲ್ಲ, ನೀವು ದಿನಾ ಅಳೆಯುವಂಥ ನೀರಿಗೆ. ಅದರಲ್ಲಿ ಮೊದಲೇ ಕಬ್ಬಿಣವಿದ್ದರೆ ಅದನ್ನು ಕಳೆಯಿರಿ.

ಬ್ಲ್ಯಾಂಕ್ ಬದಲು ರೇಖೆಯ ರೆಸಿಡ್ಯುಯಲ್ ಎಸ್‌ಡಿ ಹಾಕಬಹುದಾ?

ಹಾಕಬಹುದು, ರೇಖೆ ಎಲ್‌ಒಡಿ ಆಸುಪಾಸಿನಲ್ಲೇ ಇದ್ದರೆ. 1ರಿಂದ 5 ಮಿಗ್ರಾಂ/ಲೀ ರೇಖೆಯಲ್ಲಿ ಮೇಲಿನ ಬಿಂದುಗಳ ಚದುರುವಿಕೆಯೇ ಜಾಸ್ತಿ. ಅದು 0.006 ಬಂದರೆ ಎಲ್‌ಒಡಿ 0.1ಕ್ಕೆ ಹಾರುತ್ತದೆ, ತಳದಲ್ಲಿ ಏನಾಗುತ್ತಿದೆ ಅಂತ ಮಾತ್ರ ಗೊತ್ತಾಗಲ್ಲ.

ಆರ್ ಸ್ಕ್ವೇರ್ 0.9999 ಇದೆ, ಇನ್ನೂ ಯಾಕೆ ಎಲ್‌ಒಡಿ ಬೇಕು?

ಅದು ದೊಡ್ಡ ಬಿಂದುಗಳ ಹೊಗಳಿಕೆ, ಸಣ್ಣವುಗಳ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ನನ್ನ ಎಲ್ಲ ಬ್ಲ್ಯಾಂಕೂ 0.000. ಎಲ್‌ಒಡಿ ಸೊನ್ನೆ ಅಲ್ವಾ?

ಅಲ್ಲ. ಸಾಫ್ಟ್‌ವೇರ್ ಮೈನಸ್ ಓದುಗಳನ್ನು ಸೊನ್ನೆ ಮಾಡುತ್ತಿದೆಯಾ ನೋಡಿ, ಇಲ್ಲವೇ ಪ್ರತಿ ಬ್ಲ್ಯಾಂಕ್‌ಗೂ ನೀವೇ ಜೀರೋ ಒತ್ತುತ್ತಿದ್ದೀರಿ.

ಎಲ್‌ಒಡಿಗಿಂತ ಕಡಿಮೆ ಬಂದರೆ ವರದಿಯಲ್ಲಿ "ಸೊನ್ನೆ" ಬರೆಯಲಾ?

ಬೇಡ. "0.03 ಮಿಗ್ರಾಂ/ಲೀಗಿಂತ ಕಡಿಮೆ" ಅಂತ ಬರೆಯಿರಿ.