ಜಾಮೀನು ಹಾಕಿದ ಸಾಲ ಪೂರ್ತಿ ನಾನೇ ಕಟ್ಟಬೇಕಾ?

"ಚಿಕ್ಕಪ್ಪನ ಮಗ ಕಾಫಿ ತೋಟಕ್ಕೆ ತಗೊಂಡ ಓಡಿ, ಅಂದ್ರೆ ಓವರ್‌ಡ್ರಾಫ್ಟ್ ಸಾಲಕ್ಕೆ ಜಾಮೀನು ಹಾಕಿದ್ದೆ. ಈಗ ಅವನು ಕಟ್ತಿಲ್ಲ, ನೋಟಿಸ್ ನನಗೆ ಬಂದಿದೆ. ಮೊದಲು ಅವನ ತೋಟ ಹರಾಜು ಹಾಕಿ ಆಮೇಲೆ ನನ್ನ ಹತ್ರ ಬರಬೇಕಲ್ವಾ? ನಾನಿರೋದು ಸೋಮವಾರಪೇಟೆ ಕಡೆ."

ಬೇಸರದ ಮಾತು ಮೊದಲು ಹೇಳಿಬಿಡ್ತೀನಿ. ಇಲ್ಲ, ಹಾಗೇನೂ ಇಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ, ಜಾಮೀನು ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಬೇರೆ. ಸಾಲಗಾರನ ಮೇಲಿನ ದಾರಿಗಳೆಲ್ಲ ಮುಗಿಯುವ ತನಕ ಬ್ಯಾಂಕ್ ಕಾಯಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ಹಾಗಾಗಿ "ಮೊದಲು ಅವನ ತೋಟ" ಅನ್ನುವ ವಾದ ಇಟ್ಟುಕೊಂಡು ಹೋಗಬೇಡಿ. ನಾನು ಅದನ್ನೇ ಇಟ್ಟುಕೊಂಡು ಹೋಗಿ ಮ್ಯಾನೇಜರ್ ಎದುರು ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬಂದಿದ್ದೆ.

ಆದರೆ "ಅಷ್ಟೇ ಹೊಣೆ" ಅಂದರೆ ಎಷ್ಟು? ನೀವು ನೋಡಬೇಕಾದ್ದು ಅದನ್ನೇ.

2015ರಲ್ಲಿ ಪಕ್ಕದ ತೋಟದ ಗೆಳೆಯನಿಗೆ ನಾನು ಜಾಮೀನು ಹಾಕಿದಾಗ ಅವನ ಓಡಿ ಲಿಮಿಟ್, ಅಂದರೆ ಖಾತೆಯಿಂದ ತೆಗೆಯಬಹುದಾದ ಗರಿಷ್ಠ ಮೊತ್ತ, 3 ಲಕ್ಷ. ಪತ್ರದಲ್ಲೂ ಅದೇ ಮೊತ್ತ, ಜೊತೆಗೆ ಬಡ್ಡಿ. 2018ರ ಆಗಸ್ಟ್ ಮಳೆಗೆ ಅವನ ತೋಟದ ಒಂದು ಬದಿ ಬರೆ ಕುಸಿದು ಹೋಯಿತು. ಆಮೇಲೆ ಕಂತೂ ನಿಂತಿತು. 2020ರ ಕೊನೆಗೆ ನನಗೆ ಬಂದ ನೋಟಿಸಿನಲ್ಲಿ ಇದ್ದದ್ದು 8 ಲಕ್ಷದ ಮೇಲೆ! ಬಡ್ಡಿ ಎಷ್ಟೇ ಹಾಕಿದರೂ 3 ಲಕ್ಷ ಅಷ್ಟಾಗುತ್ತಾ?

ಖಾತೆಯ ಸ್ಟೇಟ್‌ಮೆಂಟ್, ಎಲ್ಲಾ ಮಂಜೂರಾತಿ ಪತ್ರ, ನನ್ನ ಜಾಮೀನು ಪತ್ರದ ನಕಲು ಬೇಕು ಅಂತ ಲಿಖಿತವಾಗಿ ಕೇಳಿದೆ. ಆಗ ವಿಷಯ ಹೊರಬಂತು. 2017ರ ಜೂನ್‌ನಲ್ಲಿ ಲಿಮಿಟ್ 7 ಲಕ್ಷಕ್ಕೆ ಏರಿಸಿದ್ದರು. ಅವನ ಸಹಿ ಇತ್ತು, ನನ್ನದಿರಲಿಲ್ಲ. ನನಗೆ ಹೇಳಿಯೂ ಇರಲಿಲ್ಲ.

ಇಲ್ಲಿ 133ನೇ ಕಲಮು ಬರುತ್ತದೆ. ಸಾಲದ ಕರಾರನ್ನು ಜಾಮೀನುದಾರನ ಒಪ್ಪಿಗೆ ಇಲ್ಲದೆ ಬದಲಾಯಿಸಿದರೆ, ಬದಲಾದ ಮೇಲಿನ ವ್ಯವಹಾರಗಳ ಹೊಣೆಯಿಂದ ಅವನು ಬಿಡುಗಡೆ. ಗಮನಿಸಿ, ಹಳೆಯದರಿಂದ ಅಲ್ಲ. ಲಿಮಿಟ್ ಏರಿಸಿದ ದಿನ ಖಾತೆಯಲ್ಲಿ ಇದ್ದ ಬಾಕಿ 2,60,000 ರೂಪಾಯಿ. ನಾನು ಉತ್ತರ ಕೊಡಬೇಕಾದ್ದು ಅದಕ್ಕೆ ಮತ್ತು ಅದರ ಬಡ್ಡಿಗೆ.

ನಮ್ಮ ವಕೀಲರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಲಿಮಿಟ್ ಏರಿದ ಮೇಲೆ ಗೆಳೆಯ ಕಾಫಿ ಮಾರಿ ಖಾತೆಗೆ 1,40,000 ಕಟ್ಟಿದ್ದ. ಯಾವ ಬಾಕಿಗೆ ಅಂತ ಅವನೂ ಹೇಳಿರಲಿಲ್ಲ, ಬ್ಯಾಂಕೂ ಬರೆದಿರಲಿಲ್ಲ. ಹಾಗಿದ್ದಾಗ ಹಣ ಹಳೆಯ ಬಾಕಿಗೆ ಮೊದಲು ಜಮೆ ಅನ್ನುತ್ತದೆ 61ನೇ ಕಲಮು. ಹಾಗೆ ನೋಡಿದರೆ ನನ್ನ ಕಾಲದ ಬಾಕಿ 1,20,000ಕ್ಕೆ ಇಳಿಯಿತು. ಎರಡು ತಿಂಗಳು ಕಾಗದ ಓಡಾಡಿದ ಮೇಲೆ, ಬಡ್ಡಿ ಸೇರಿ 1,85,000ಕ್ಕೆ ಒಪ್ಪಂದವಾಯಿತು. ನನ್ನ ಹೆಸರಿಗೆ ರಸೀದಿ, ಜೊತೆಗೆ "ಜಾಮೀನಿನಿಂದ ಬಿಡುಗಡೆ" ಅನ್ನುವ ಪತ್ರ. ಈ ಎರಡೂ ಇಲ್ಲದೆ ಒಂದು ರೂಪಾಯಿ ಕೊಡಬೇಡಿ.

ಎಲ್ಲರಿಗೂ ಹೀಗೆ ಆಗುತ್ತದೆ ಅಂತಲ್ಲ. ಈಗಿನ ಎಷ್ಟೋ ಛಾಪಿಸಿದ ಜಾಮೀನು ಪತ್ರಗಳಲ್ಲಿ "ಲಿಮಿಟ್ ಬದಲಾದರೂ ನನ್ನ ಒಪ್ಪಿಗೆ ಇದೆ, 133ರಿಂದ 141ರ ಕಲಮಿನ ಹಕ್ಕು ಬಿಡುತ್ತೇನೆ" ಅನ್ನುವ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಂಥದ್ದಿದ್ದರೆ ನನ್ನ ವಾದ ನಿಮಗೆ ದಕ್ಕುವುದು ಕಷ್ಟ. ನನ್ನದು ಹಳೇ ಫಾರಂ, ಆ ಸಾಲು ಇರಲಿಲ್ಲ, ಅದೃಷ್ಟ ಅನ್ನಿ. ಅದಕ್ಕೇ ನಿಮ್ಮ ಪತ್ರ ಮೊದಲು ಓದಿ. ಇನ್ನು, ಬ್ಯಾಂಕ್ ಸುಮ್ನೆ ಕೇಳದೆ ಎರಡು ವರ್ಷ ಕೂತಿತ್ತು ಅಂದರೆ ಅದರಿಂದ ಮಾತ್ರ ಬಿಡುಗಡೆ ಸಿಗಲ್ಲ, 137 ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ಒಂದು ಎಚ್ಚರ. ನೋಟಿಸ್ ಬಂದ ಮೇಲೆ ಫೀಲ್ಡ್ ಆಫೀಸರ್ ಮನೆಗೆ ಬಂದು "ರಿನೀವಲ್‌ಗೆ ಒಂದು ಸಹಿ ಅಷ್ಟೇ" ಅನ್ನಬಹುದು. ನನ್ನ ಹತ್ರಾನೂ ಬಂದಿದ್ದರು, ಕಾಫಿ ಕುಡಿದು ಫಾರಂ ಮುಂದೆ ಇಟ್ಟರು. ಅದರಲ್ಲಿ ಹೊಸ ಲಿಮಿಟ್ ಬರೆದಿತ್ತು. ಸಹಿ ಹಾಕಿದ್ದರೆ ಏರಿಕೆಗೆ ನಾನೇ ಒಪ್ಪಿದ ಹಾಗೆ ಆಗುತ್ತಿತ್ತು. "ವಕೀಲರಿಗೆ ತೋರಿಸಿ ಕೊಡ್ತೀನಿ" ಅಂತ ಇಟ್ಟುಕೊಂಡೆ, ಇನ್ನೂ ನನ್ನ ಹತ್ರಾನೇ ಇದೆ.

ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ನಿಮಗಿದೆ. ಬ್ಯಾಂಕಿಗೆ ಪೂರ್ತಿ ಕೊಡಬೇಕಾದ್ದು ಕೊಟ್ಟಾಗ ಅದರ ಜಾಗದಲ್ಲಿ ನೀವು ನಿಲ್ಲುತ್ತೀರಿ (140), ಕೊಟ್ಟದ್ದನ್ನು ಅವನು ತುಂಬಿಕೊಡಬೇಕು (145). ನಾನು ಕೋರ್ಟಿಗೆ ಹೋಗಲಿಲ್ಲ. ಗೆಳೆಯ ಎರಡು ಕೊಯ್ಲಿನ ಕಾಫಿ ಮಾರಿ 1,30,000 ಕೊಟ್ಟ. ಮಿಕ್ಕ 55,000ಕ್ಕೆ ಒಂದು ಪ್ರೋನೋಟು ಬರೆಸಿಕೊಂಡಿದ್ದೇನೆ, ಅವನು ಮಾತಾಡಿಸುವುದು ಕಡಿಮೆ ಮಾಡಿದ್ದಾನೆ ಅಷ್ಟೇ.