ಎಂಜಿನ್ ಕವರಿನ ಬೋಲ್ಟ್ ತುಂಡಾದರೆ

ಪ್ರಶ್ನೆ: ಬೈಕ್ ಎಂಜಿನ್ ಸೈಡ್ ಕವರಿನ 6 ಎಂಎಂ ಬೋಲ್ಟಿನ ತಲೆ ಮುರಿದು ಹೋಯ್ತು. ಥ್ರೆಡ್ ಹಾಳಾಗದಂತೆ ತೆಗೆಯೋದು ಹೇಗೆ?

ಉತ್ತರ: ಡ್ರಿಲ್ ಹಿಡಿಯುವ ಮೊದಲು ಕವರ್ ಬಿಚ್ಚಿ ನೋಡಿ. ತಲೆ ಮಾತ್ರ ಹೋಗಿದ್ದರೆ ಉಳಿದ ತುಂಡು ಹೊರಗೆ ಚಾಚಿಕೊಂಡಿರುತ್ತದೆ. ಅದರ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಣ್ಣೆ ಚೆನ್ನಾಗಿ ಒರೆಸಿ, ಹೀಟ್ ಗನ್‌ನಿಂದ ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ, ಬೋಲ್ಟನ್ನಲ್ಲ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. (ಪೆಟ್ರೋಲ್ ವಾಸನೆ ಇದ್ದರೆ ಬಿಸಿ ಬೇಡವೇ ಬೇಡ.) ಆಮೇಲೆ ಲಾಕಿಂಗ್ ಪ್ಲೈಯರ್‌ನಲ್ಲಿ ಗಟ್ಟಿಯಾಗಿ ಹಿಡಿದು, ಬಿಚ್ಚುವ ಕಡೆಗೆ ಚೂರು, ವಾಪಸ್ ಚೂರು ತಿರುಗಿಸಿ. ಕಿರ್ ಅಂದರೆ ಒಳ್ಳೆಯದೇ. ಬುಡ ಅಲ್ಲಾಡದೆ ತುದಿ ಮಾತ್ರ ತಿರುಚಿಕೊಂಡರೆ ನಿಲ್ಲಿಸಿ, ಮತ್ತೆ ಬಿಸಿ ಕೊಡಿ.

ಒಳಗೇ ಮುರಿದಿದ್ದರೆ, ತುಂಡಿಗೆ ತೂತು ಕೊರೆದು ಅದರೊಳಗೆ ತಿರುಗಿಸಿ ಕೀಳುವ ಸಣ್ಣ ಎಕ್ಸ್‌ಟ್ರಾಕ್ಟರ್ ನನಗಂತೂ ಇಷ್ಟವಿಲ್ಲ. ಅದು ಒಳಗೆ ತುಂಡಾದರೆ ಮಾಮೂಲಿ ಡ್ರಿಲ್ ಬಿಟ್ ಅದಕ್ಕೆ ಇಳಿಯುವುದೇ ಇಲ್ಲ. ಅದರ ಬದಲು ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ, ಸ್ಪ್ಯಾನರ್ ಹಾಕಿ ಬಿಚ್ಚಿ.